ಸ್ಯಾಂಪಲ್ ತಲುಪಿದ ಮೇಲೆ ಬರೆಯುವ ಪತ್ರ

ಚಿಕ್ಕಮಗಳೂರಿನ ಸಣ್ಣ ರಫ್ತುದಾರರೊಬ್ಬರು ಇಟಲಿಯ ಟ್ರಿಯೆಸ್ಟೆಯಲ್ಲಿ ಕಾಫಿ ಹುರಿದು ಮಾರುವ ಕಂಪನಿಯೊಂದಕ್ಕೆ 300 ಗ್ರಾಂ ಪ್ಲಾಂಟೇಷನ್ ಎ ಬೀಜ ಕಳಿಸಿದ್ದಾರೆ ಎಂದಿಟ್ಟುಕೊಳ್ಳಿ. ಗೋದಾಮಿನಲ್ಲಿ ಅದೇ ಲಾಟಿನ 40 ಮೂಟೆ ಇದೆ, ಮೂಟೆಗೆ 60 ಕಿಲೋ. ಕೊರಿಯರ್ ತಲುಪಿದ್ದು ಗೊತ್ತಾಗಿದೆ, ಆಮೇಲೆ ಅತ್ತಲಿಂದ ಮಾತಿಲ್ಲ.

ಮರುದಿನವೇ ವಿಚಾರಿಸುವುದರಲ್ಲಿ ಅರ್ಥವಿಲ್ಲ. ಸ್ಯಾಂಪಲ್ಲನ್ನು ಹುರಿಯಬೇಕು, ಕೆಲವು ಗಂಟೆ ಬಿಡಬೇಕು, ಆಮೇಲೆ ಬೇರೆ ಸ್ಯಾಂಪಲ್‌ಗಳ ಜೊತೆ ಸಾಲಾಗಿ ಇಟ್ಟು ರುಚಿ ನೋಡಬೇಕು. ವಾರ, ಹತ್ತು ದಿನ ಕಾಯುವುದು ಒಳ್ಳೆಯದು.

‘ಸ್ಯಾಂಪಲ್ ಹೇಗಿತ್ತು? ಆರ್ಡರ್ ಯಾವಾಗ?’ ಎಂದು ಬರೆದರೆ ಉತ್ತರ ಬರುವುದು ಕಡಿಮೆ. ಅಲ್ಲಿ ಓದುವವರಿಗೆ ಅದು ಯಾರ, ಯಾವ ಸ್ಯಾಂಪಲ್ ಎಂದೇ ನೆನಪಿರುವುದಿಲ್ಲ. ಪತ್ರದ ತಲೆಯಲ್ಲೇ ಲಾಟ್ ನಂಬರ್, ದರ್ಜೆ, ತಲುಪಿದ ತಾರೀಖು ಇರಲಿ. ಒಳಗೆ ಒಂದೊಂದು ಸಾಲಿನಲ್ಲಿ ಉತ್ತರಿಸಬಹುದಾದಷ್ಟೇ ಕೇಳಿ: ‘ನಾವು ಅಳೆದಾಗ ತೇವಾಂಶ ಶೇ. 11.2 ಇತ್ತು, ನಿಮ್ಮಲ್ಲಿ ಎಷ್ಟು ಬಂತು? ನಿಮ್ಮ ಮಿಶ್ರಣಕ್ಕೆ ಹುಳಿ ಹೆಚ್ಚಾಯಿತೇ, ಸರಿಯಾಗಿದೆಯೇ? ಒಪ್ಪಿಗೆಯಾದರೆ ಎಷ್ಟು ಮೂಟೆ, ಯಾವ ತಿಂಗಳು ಬೇಕು? ಒಪ್ಪಿಗೆಯಾಗದಿದ್ದರೆ ಕಾರಣ ತಿಳಿಸಿ, ಬೇರೆ ಲಾಟ್ ನೋಡುತ್ತೇವೆ.’ ಆ ಕೊನೆಯ ಸಾಲು ನನಗೆ ತುಂಬ ಮುಖ್ಯ. ಬೇಡ ಎನ್ನಲು ಸಂಕೋಚಪಟ್ಟು ಸುಮ್ಮನಾದವರೂ ಇದರಿಂದ ಬಾಯಿಬಿಡುತ್ತಾರೆ.

ಈಗ ‘ರುಚಿ ಸರಿ, ತೇವಾಂಶ 12.8’ ಎಂದು ಉತ್ತರ ಬಂತೆನ್ನಿ. ವಾದಕ್ಕಿಳಿಯುವ ಮೊದಲು, ಸ್ಯಾಂಪಲ್ ಕಳಿಸುವಾಗ ಅದೇ ಲಾಟಿನಿಂದ ತೆಗೆದು ಗಾಳಿಯಾಡದಂತೆ ಮುಚ್ಚಿಟ್ಟ ಬೀಜವನ್ನೂ ಗೋದಾಮಿನ ಮೂಟೆಗಳಿಂದ ಈಗ ತೆಗೆದ ಬೀಜವನ್ನೂ ಒಂದೇ ಮೀಟರಿನಲ್ಲಿ ಅಳೆಯಬೇಕು. ಮುಚ್ಚಿಟ್ಟದ್ದು ಇನ್ನೂ 11.2 ಇದ್ದು ಮೂಟೆಯದು ಏರಿದ್ದರೆ, ಗೋದಾಮಿನಲ್ಲಿ ಮಳೆಗಾಲದ ತೇವ ಹೀರಿದೆ. ಲಾಟನ್ನು ಹದಕ್ಕೆ ತರುವವರೆಗೆ ಒಪ್ಪಂದಕ್ಕೆ ಕೈಹಾಕಬಾರದು. ಎರಡೂ 11.2 ಇದ್ದರೆ ದಾರಿಯಲ್ಲಿ ಪೊಟ್ಟಣ ತೇವ ಕುಡಿದಿರಬಹುದು, ಇಲ್ಲವೇ ಮೀಟರುಗಳ ನಡುವೆ ವ್ಯತ್ಯಾಸವಿರಬಹುದು. ಎರಡೂ ಅಳತೆ ಬರೆದು, ಬಿಗಿಯಾಗಿ ಕಟ್ಟಿದ ಇನ್ನೊಂದು ಸ್ಯಾಂಪಲ್ ಕಳಿಸಿ. ಅದು ಮೂಟೆಗಳಿಂದಲೇ ಬರಲಿ. ಕೈಯಲ್ಲಿ ಆರಿಸಿದ ಚೆಂದದ ಬೀಜ ಕಳಿಸಿದರೆ, ಸರಕು ತಲುಪಿದ ದಿನ ಜಗಳ ಖಂಡಿತ.

ಒಪ್ಪಿಗೆ ಸಿಕ್ಕರೆ ಮುಂದಿನ ಪತ್ರದಲ್ಲಿ ಬೆಲೆಯ ಜೊತೆ ಅದು ಯಾವ ತಾರೀಖಿನವರೆಗೆ ಎಂದೂ ಬರೆಯಬೇಕು. ಅರೇಬಿಕಾ ಬೆಲೆ ನ್ಯೂಯಾರ್ಕ್ ಪೇಟೆಯ ಜೊತೆ ದಿನವೂ ಏರಿಳಿಯುತ್ತದೆ. ಗಡುವಿಲ್ಲದ ಬೆಲೆಗೆ ತಿಂಗಳ ನಂತರ ‘ಆಗಲಿ’ ಎಂದರೆ ನಷ್ಟ ಸಣ್ಣ ರಫ್ತುದಾರರದ್ದೇ. ಹಡಗಿಗೆ ಏರಿಸುವ ಮೊದಲು, ಮೂಟೆ ಕಟ್ಟಿದ ಸರಕಿನಿಂದ ಮತ್ತೊಂದು ಸ್ಯಾಂಪಲ್ ಕಳಿಸಿ ಒಪ್ಪಿಗೆ ಪಡೆಯುತ್ತೇವೆ ಎಂಬ ಮಾತನ್ನೂ ಅದೇ ಪತ್ರದಲ್ಲಿ ಸೇರಿಸಿ, ಉತ್ತರಕ್ಕೆ ಎಷ್ಟು ದಿನ ಎಂದು ಅಲ್ಲೇ ಗೊತ್ತುಮಾಡಿಕೊಳ್ಳಬೇಕು.