ದಪ್ಪ ಮೈಯೊಳಗೆ ಸೊರಗುವ ಸ್ನಾಯು

ಮನೆಯ ಹಿರಿಯರು ಮೈತುಂಬಿಕೊಂಡಿದ್ದರೆ 'ಚೆನ್ನಾಗಿದ್ದಾರೆ' ಎನ್ನುವುದು ನಮ್ಮಲ್ಲಿ ರೂಢಿ. ಆದರೆ ಅದೇ ಹಿರಿಯರು ಸುಜೂದ್‌ನಿಂದ ಏಳಲು ನೆಲಕ್ಕೆ ಕೈ ಊರತೊಡಗಿದಾಗ ನಾವು ಮೊಣಕಾಲನ್ನು ದೂರಿ ಸುಮ್ಮನಾಗುತ್ತೇವೆ. ಕೆಲವೊಮ್ಮೆ ಅದು ಮೊಣಕಾಲಿನ ದೋಷವಲ್ಲ. ತೊಡೆಯ ಸ್ನಾಯು ಕರಗಿ, ಆ ಜಾಗದಲ್ಲಿ ಕೊಬ್ಬು ತುಂಬಿಕೊಂಡಿರುತ್ತದೆ. ಇದನ್ನೇ ವೈದ್ಯರು ಸಾರ್ಕೋಪೀನಿಕ್ ಒಬೆಸಿಟಿ ಎನ್ನುತ್ತಾರೆ. ಅಂದರೆ ಒಂದೇ ದೇಹದಲ್ಲಿ ಕೊಬ್ಬು ಹೆಚ್ಚು, ಸ್ನಾಯು ಕಡಿಮೆ.

ನಮ್ಮ ಯುನಾನಿ ಗ್ರಂಥಗಳಲ್ಲಿ ಅತಿ ಬೊಜ್ಜಿಗೆ ಸಿಮನ್ ಮುಫ್ರಿತ್ ಎಂದೂ ದೇಹ ಸೊರಗುವುದಕ್ಕೆ ಹುಝಾಲ್ ಎಂದೂ ಬೇರೆ ಬೇರೆ ಹೆಸರಿದೆ. ಇಲ್ಲಿ ಎರಡೂ ಒಟ್ಟಿಗೆ ಇರುತ್ತವೆ. ಹಾಗಾಗಿಯೇ ಕಣ್ಣಿಗೆ ಕಾಣುವುದಿಲ್ಲ, ತೂಕದ ಯಂತ್ರಕ್ಕೂ ಸಿಗುವುದಿಲ್ಲ.

ಒಂದು ಉದಾಹರಣೆಯಿಂದ ವಿವರಿಸುತ್ತೇನೆ. ಆಂಡರ್ಸನ್‌ಪೇಟೆಯ 66 ವರ್ಷದ ಒಬ್ಬ ತಾಯಿ ಎಂದುಕೊಳ್ಳಿ. ಎತ್ತರ 150 ಸೆಂ.ಮೀ., ತೂಕ 62 ಕಿಲೊ. ಐದು ವರ್ಷದ ಹಿಂದೆಯೂ ಹೆಚ್ಚುಕಡಿಮೆ ಇಷ್ಟೇ ತೂಕವಿತ್ತು. ಅಷ್ಟರಲ್ಲಿ ಎರಡು ಮೂರು ಕಿಲೊ ಸ್ನಾಯು ಹೋಗಿ ಅಷ್ಟೇ ಕೊಬ್ಬು ಬಂದಿದ್ದರೂ ಯಂತ್ರದ ಮುಳ್ಳು ಅಲ್ಲಾಡುವುದಿಲ್ಲ.

ಯುರೋಪಿನ ಪೋಷಣಾ ತಜ್ಞರ ಮತ್ತು ಬೊಜ್ಜು ತಜ್ಞರ ಸಂಘಟನೆಗಳು 2022ರಲ್ಲಿ ಒಂದು ಕ್ರಮವನ್ನು ಒಪ್ಪಿಕೊಂಡವು. ಅದರ ಪ್ರಕಾರ ಮೊದಲು ಎರಡು ಅನುಮಾನಗಳು ಒಟ್ಟಿಗೆ ಬರಬೇಕು. ಮೊದಲನೆಯದು ಬೊಜ್ಜಿನದು. ನಮ್ಮ ದೇಶದವರಿಗೆ ಸೊಂಟದ ಸುತ್ತಳತೆ ಹೆಂಗಸರಲ್ಲಿ 80, ಗಂಡಸರಲ್ಲಿ 90 ಸೆಂ.ಮೀ. ದಾಟಿದರೆ ಹೆಚ್ಚು. ಈ ತಾಯಿಯದು 94. ಎರಡನೆಯದು ಸ್ನಾಯುವಿನದು. ಇದಕ್ಕೆ ಸಾರ್ಕ್-ಎಫ್ ಎಂಬ ಐದು ಪ್ರಶ್ನೆಗಳಿವೆ: ನಾಲ್ಕೂವರೆ ಕಿಲೊ ಭಾರ ಎತ್ತಲು, ಕೋಣೆಯ ಆ ತುದಿಗೆ ನಡೆಯಲು, ಕುರ್ಚಿಯಿಂದ ಏಳಲು, ಹತ್ತು ಮೆಟ್ಟಿಲು ಹತ್ತಲು ಎಷ್ಟು ಕಷ್ಟ, ಕಳೆದ ವರ್ಷ ಎಷ್ಟು ಸಲ ಬಿದ್ದಿರಿ. ಪ್ರತಿಯೊಂದಕ್ಕೂ ಸೊನ್ನೆಯಿಂದ ಎರಡು ಅಂಕ, ನಾಲ್ಕು ಬಂದರೆ ಅನುಮಾನ. ಈ ತಾಯಿಗೆ ಮೆಟ್ಟಿಲು ಹತ್ತಲಾಗದು, ಅದಕ್ಕೆ ಎರಡು. ಭಾರ, ಕುರ್ಚಿ, ಒಮ್ಮೆ ಬಿದ್ದದ್ದು, ಒಂದೊಂದು. ಒಟ್ಟು ಐದು. ಅಂಕ ಕಡಿಮೆ ಬಂದರೆ ಮಾತ್ರ ನೆಮ್ಮದಿಯಾಗಬೇಡಿ. ಈ ಪ್ರಶ್ನೆಗಳು ಆರಂಭದ ಹಂತದವರನ್ನು ಅನೇಕ ಸಲ ಬಿಟ್ಟುಬಿಡುತ್ತವೆ.

ಮುಂದಿನ ಹಂತ ಶಕ್ತಿಯ ಪರೀಕ್ಷೆ. ಕುರ್ಚಿಯನ್ನು ಗೋಡೆಗೆ ತಾಗಿಸಿ, ಪಕ್ಕದಲ್ಲಿ ಒಬ್ಬರು ನಿಂತಿರಲಿ. ಹಿರಿಯರು ಕೈಗಳನ್ನು ಎದೆಗೆ ಕಟ್ಟಿಕೊಂಡು ಐದು ಸಲ ಪೂರ್ತಿ ಎದ್ದು ಕೂರಬೇಕು. ಏಷ್ಯಾದವರಿಗೆ 2019ರಲ್ಲಿ ಸೂಚಿಸಿದ ಅಳತೆಯಂತೆ 12 ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಸ್ನಾಯು ಸೋತಿದೆ ಎಂದರ್ಥ. ಈ ತಾಯಿಗೆ 16 ಸೆಕೆಂಡ್ ಬೇಕಾಯಿತು. ಆದರೆ ಮೊಣಕಾಲಿನ ಸಂಧಿವಾತ ಇದ್ದವರು ನೋವಿನಿಂದಲೂ ನಿಧಾನವಾಗುತ್ತಾರೆ. ಅಂಥವರಲ್ಲಿ ಕೈಹಿಡಿತದ ಪರೀಕ್ಷೆಯನ್ನೇ ನಾನು ಹೆಚ್ಚು ನಂಬುತ್ತೇನೆ. ಮುಷ್ಟಿಯಲ್ಲಿ ಬಿಗಿಯಾಗಿ ಅದುಮುವ ಸಣ್ಣ ಉಪಕರಣವದು. ಹೆಂಗಸರಲ್ಲಿ 18, ಗಂಡಸರಲ್ಲಿ 28 ಕಿಲೊಗಿಂತ ಕಡಿಮೆ ಬಂದರೆ ಹಿಡಿತ ದುರ್ಬಲ. ಇವರದು 15. ನಮ್ಮ ದೇಶದ ಹಿರಿಯರ ಬಗ್ಗೆ 2017-18ರಲ್ಲಿ ನಡೆದ ಲಾಸಿ ಸಮೀಕ್ಷೆಯಲ್ಲೂ ಮನೆಮನೆಗೆ ಹೋಗಿ ಈ ಹಿಡಿತವನ್ನು ಅಳೆದಿದ್ದರು.

ಶಕ್ತಿ ಕುಂದಿದೆ ಎಂದು ಗೊತ್ತಾದ ಮೇಲಷ್ಟೇ ದೇಹದೊಳಗಿನ ಪಾಲನ್ನು ಅಳೆಯುವುದು. ಡೆಕ್ಸಾ ಸ್ಕ್ಯಾನ್ ಅಥವಾ ಸಣ್ಣ ವಿದ್ಯುತ್ ಹಾಯಿಸಿ ಅಳೆಯುವ ಬಿ.ಐ.ಎ. ಯಂತ್ರದಲ್ಲಿ ಇದು ಆಗುತ್ತದೆ. ಈ ತಾಯಿಯ ವರದಿಯಲ್ಲಿ ಕೊಬ್ಬು ಶೇ. 45, ಸ್ನಾಯು 16 ಕಿಲೊ ಎಂದುಕೊಳ್ಳಿ. ಈ ವಯಸ್ಸಿನ ಏಷ್ಯಾದ ಹೆಂಗಸರಲ್ಲಿ ಕೊಬ್ಬು ಶೇ. 41 ದಾಟಿದರೆ ಹೆಚ್ಚು. ಇನ್ನು ಸ್ನಾಯು. ಹದಿನಾರು ಕಿಲೊ ಎಂದರೆ ಕೇಳಲು ಕಡಿಮೆಯೇನಲ್ಲ. ಎತ್ತರಕ್ಕೆ ಹೋಲಿಸಿ ನೋಡಿದರೆ ದಪ್ಪಗಿರುವವರ ಸ್ನಾಯು ಸಾಕಷ್ಟಿರುವಂತೆಯೇ ಕಾಣುತ್ತದೆ. ಆದರೆ ಆ ಸ್ನಾಯು 62 ಕಿಲೊ ಹೊರಬೇಕಲ್ಲ! ಅದಕ್ಕೇ ತೂಕದಿಂದ ಭಾಗಿಸುತ್ತಾರೆ. ಆಗ ಶೇ. 26 ಸಿಗುತ್ತದೆ. ಹೆಂಗಸರಿಗೆ ಇರಬೇಕಾದ ಮಿತಿ ಶೇ. 27.6. ಕೊಬ್ಬು ಹೆಚ್ಚು, ಸ್ನಾಯು ಕಡಿಮೆ, ಎರಡೂ ಖಚಿತವಾದವು. ಒಂದೇ ಇದ್ದರೆ ಈ ಹೆಸರು ಕೊಡುವಂತಿಲ್ಲ.

ಕಾಲು ಊದಿಕೊಂಡಿದ್ದರೆ ಬಿ.ಐ.ಎ. ಯಂತ್ರ ಆ ನೀರನ್ನೂ ಸ್ನಾಯು ಎಂದು ಎಣಿಸಿ ಮೋಸ ಮಾಡುತ್ತದೆ. ಎದೆಯಲ್ಲಿ ಪೇಸ್‌ಮೇಕರ್ ಇರುವವರು ಅದರ ಮೇಲೆ ನಿಲ್ಲಲೇಬಾರದು. ಮೀನಖಂಡದ ಸುತ್ತಳತೆ ನೋಡಿ ನಿರ್ಧರಿಸುವ ಪದ್ಧತಿಯೂ ಇದೆ, ಆದರೆ ದಪ್ಪಗಿರುವವರಲ್ಲಿ ಚರ್ಮದಡಿಯ ಕೊಬ್ಬೇ ಕಾಲನ್ನು ತುಂಬಿಸಿಬಿಡುವುದರಿಂದ ನೇರವಾಗಿ ನಂಬಲಾಗದು.

ಇಷ್ಟೆಲ್ಲ ಅಳೆಯುವುದೇಕೆ ಎಂದು ಕೇಳಬಹುದು. 'ಬೊಜ್ಜು ಕರಗಿಸಿ' ಎಂದಷ್ಟೇ ಹೇಳಿಸಿಕೊಂಡು ಬಂದ ಹಿರಿಯರು ಊಟ ಬಿಟ್ಟರೆ ಕೊಬ್ಬಿನ ಜೊತೆ ಸ್ನಾಯುವೂ ಹೋಗುತ್ತದೆ. ಈ ತಾಯಿ ಹಾಗೆ ಮಾಡಿದರೆ ಮುಂದಿನ ವರ್ಷ 56 ಕಿಲೊ ತೂಗಿಯಾರು, ಕುರ್ಚಿಯಿಂದ ಏಳಲು ಮಾತ್ರ ಇನ್ನೊಬ್ಬರ ಕೈ ಬೇಕಾದೀತು. ಆದ್ದರಿಂದ ಡಯಟ್ ಶುರುಮಾಡುವ ಮೊದಲು ನಿಮ್ಮ ಅಮ್ಮಿಯನ್ನೋ ಅಬ್ಬಾನನ್ನೋ ಕುರ್ಚಿಯಲ್ಲಿ ಕೂರಿಸಿ ಗಡಿಯಾರ ನೋಡಿ, ಆ ಸೆಕೆಂಡುಗಳನ್ನು ಬರೆದುಕೊಂಡು ವೈದ್ಯರ ಬಳಿ ಕರೆತನ್ನಿ.