‘ಆ್ಯಸ್ ಪರ್ ಮೈ ಲಾಸ್ಟ್ ಇಮೇಲ್’: ಕಳುಹಿಸುವ ಮುನ್ನ ಕೊಂಕು ತೆಗೆಯುವುದು ಹೇಗೆ?

ಬೆಂಗಳೂರು: ಕಚೇರಿಯ ಇ-ಮೇಲ್‌ಗಳಲ್ಲಿ ಪದೇ ಪದೇ ಕಾಣುವ ‘ಆ್ಯಸ್ ಪರ್ ಮೈ ಲಾಸ್ಟ್ ಇಮೇಲ್’ ಎಂಬ ಮಾತು ಮೇಲ್ನೋಟಕ್ಕೆ ನಿರುಪದ್ರವಿ. ‘ನನ್ನ ಹಿಂದಿನ ಪತ್ರದಲ್ಲಿ ತಿಳಿಸಿದಂತೆ’ ಎಂಬುದಷ್ಟೇ ಅದರ ಅರ್ಥ. ಆದರೆ ಓದುವವರಿಗೆ ಕೇಳಿಸುವುದು ಬೇರೆ: ‘ಒಮ್ಮೆ ಹೇಳಿಯಾಗಿದೆ, ನೀವು ಓದಿಲ್ಲ.’ ಅಡೋಬಿ ಸಂಸ್ಥೆಯು 2018ರಲ್ಲಿ ಅಮೆರಿಕದ ಕಚೇರಿ ನೌಕರರ ನಡುವೆ ನಡೆಸಿದ ಸಮೀಕ್ಷೆಯಲ್ಲಿ, ಅತಿ ಹೆಚ್ಚು ಕಿರಿಕಿರಿಯ ಮಾತೆಂದು ಶೇ 25ರಷ್ಟು ಮಂದಿ ಆರಿಸಿದ್ದು ‘ನಾಟ್ ಶ್ಯೂರ್ ಇಫ್ ಯು ಸಾ ಮೈ ಲಾಸ್ಟ್ ಇಮೇಲ್’ ಎಂಬುದನ್ನು. ‘ಪರ್ ಮೈ ಲಾಸ್ಟ್ ಇಮೇಲ್’ ಶೇ 13ರೊಂದಿಗೆ ಎರಡನೆಯ ಸ್ಥಾನದಲ್ಲಿತ್ತು.

ನಮ್ಮಲ್ಲಿ ತೊಡಕು ಇನ್ನೊಂದು ಬಗೆಯದು. ‘ಆ್ಯಸ್ ಪರ್’ ಎಂಬುದು ಭಾರತದ ಕಡತದ ಇಂಗ್ಲಿಷಿನ ದಿನಬಳಕೆಯ ಪದ. ಬರೆದವರ ಮನಸ್ಸಿನಲ್ಲಿ ಕೊಂಕು ಇರಲೇಬೇಕೆಂದಿಲ್ಲ. ಆದರೂ ವಿದೇಶದ ಗ್ರಾಹಕರು ಅದನ್ನು ಚುಚ್ಚುಮಾತೆಂದೇ ಓದಬಹುದು. ಬರಹದಲ್ಲಿ ದನಿಯ ಏರಿಳಿತ ಇರುವುದಿಲ್ಲ. ಜಸ್ಟಿನ್ ಕ್ರೂಗರ್, ನಿಕೊಲಸ್ ಎಪ್ಲಿ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಮ್ಮ ಇ-ಮೇಲ್ ವ್ಯಂಗ್ಯವೋ ಗಂಭೀರವೋ ಎಂಬುದನ್ನು ಓದುಗರು ಶೇ 78ರಷ್ಟು ಬಾರಿ ಸರಿಯಾಗಿ ಗುರುತಿಸುವರೆಂದು ಬರೆದವರು ನಂಬಿದ್ದರು. ಸರಿಯಾಗಿದ್ದುದು ಶೇ 56ರಷ್ಟು ಮಾತ್ರ.

ಆದ್ದರಿಂದ ಕರಡಿನಲ್ಲಿ ಹುಡುಕಬೇಕಾದುದು ಬರೆದವರ ಉದ್ದೇಶವನ್ನಲ್ಲ, ವಾಕ್ಯ ಮಾಡುತ್ತಿರುವ ಕೆಲಸವನ್ನು. ಪರೀಕ್ಷೆ ಸರಳ. ಎದುರಿನವರು ಹಿಂದಿನ ಪತ್ರವನ್ನು ನಿಜಕ್ಕೂ ನೋಡಿಲ್ಲವೆಂದು ಭಾವಿಸಿ ಒಂದೊಂದೇ ವಾಕ್ಯವನ್ನು ಓದಬೇಕು. ಏನು ಬೇಕು, ಯಾವಾಗ ಬೇಕು, ಏಕೆ ಬೇಕು ಎಂಬುದನ್ನು ತಿಳಿಸುವ ವಾಕ್ಯ ಉಳಿಯಲಿ. ಅವರು ಏನನ್ನು ಮಾಡಲಿಲ್ಲ ಎಂಬುದನ್ನಷ್ಟೇ ತಿಳಿಸುವ ವಾಕ್ಯವನ್ನು ಹೊಡೆದುಹಾಕಿ ನೋಡಬೇಕು. ಅದರಿಂದ ಮಾಹಿತಿಯೇನೂ ಕಳೆದುಹೋಗದಿದ್ದರೆ ಅದು ಅಲ್ಲಿದ್ದದ್ದು ಚುಚ್ಚುವುದಕ್ಕಷ್ಟೇ. ‘ಸ್ಟಿಲ್’, ‘ಅಗೇನ್’, ‘ಕ್ಲಿಯರ್ಲಿ’, ‘ಆಲ್ರೆಡಿ’ ಎಂಬ ಪದಗಳ ಆಸುಪಾಸಿನಲ್ಲಿ ಇಂಥ ವಾಕ್ಯಗಳು ಹೆಚ್ಚು.

ಒಂದು ಉದಾಹರಣೆಯನ್ನು ಗಮನಿಸಬಹುದು. ಸರಕು ಪೂರೈಸುವ ಸಂಸ್ಥೆಯೊಂದರ ಲೆಕ್ಕಪತ್ರ ವಿಭಾಗಕ್ಕೆ ಗ್ರಾಹಕರಿಂದ ಖರೀದಿ ಆದೇಶದ ಸಂಖ್ಯೆ ಬರಬೇಕಿದೆ. ಅದಿಲ್ಲದೆ ಬಿಲ್ ಹೊರಡದು. ಎರಡು ಪತ್ರಗಳಿಗೆ ಉತ್ತರವಿಲ್ಲ. ಮೂರನೆಯ ಪತ್ರದ ಕರಡು ಹೀಗಿದೆ ಎಂದಿಟ್ಟುಕೊಳ್ಳೋಣ: ‘ಆ್ಯಸ್ ಪರ್ ಮೈ ಲಾಸ್ಟ್ ಇಮೇಲ್, ದ ಪಿಒ ನಂಬರ್ ಈಸ್ ಸ್ಟಿಲ್ ಪೆಂಡಿಂಗ್. ಕೈಂಡ್ಲಿ ನೋಟ್ ದಟ್ ದಿಸ್ ಈಸ್ ದ ಥರ್ಡ್ ರಿಮೈಂಡರ್. ಹೋಪ್ ದಿಸ್ ಈಸ್ ಕ್ಲಿಯರ್ ನೌ.’

ಮೂರು ವಾಕ್ಯಗಳಲ್ಲಿ ಕೆಲಸಕ್ಕೆ ಬರುವ ಸಂಗತಿ ಒಂದೇ: ಪಿಒ ಸಂಖ್ಯೆ ಬಂದಿಲ್ಲ. ಯಾವ ದಿನದೊಳಗೆ ಬೇಕು, ಬಾರದಿದ್ದರೆ ಏನಾಗುತ್ತದೆ ಎಂಬುದು ಎಲ್ಲಿಯೂ ಇಲ್ಲ! ‘ಹೋಪ್ ದಿಸ್ ಈಸ್ ಕ್ಲಿಯರ್’ ಎಂಬುದಂತೂ ಮಾಸ್ತರರು ಬೆತ್ತ ಹಿಡಿದು ಕೇಳಿದಂತಿದೆ. ತಿದ್ದುವ ಮೊದಲು ಹಳೆಯ ಪತ್ರವನ್ನೂ ತೆರೆದು ನೋಡುವುದು ಒಳಿತು. ಬೇಡಿಕೆ ಅದರ ನಾಲ್ಕನೆಯ ಪ್ಯಾರಾದಲ್ಲಿ ಹುದುಗಿದ್ದರೆ ಉತ್ತರ ಬಾರದಿರುವುದು ಆಶ್ಚರ್ಯವಲ್ಲ.

ತಿದ್ದಿದ ರೂಪ ಹೀಗಿರಬಹುದು: ‘ಪ್ಲೀಸ್ ಸೆಂಡ್ ದ ಪಿಒ ನಂಬರ್ ಫಾರ್ ದ ಮೇ ಸಪ್ಲೈ ಬೈ ಥರ್ಸ್‌ಡೇ, 28 ಮೇ. ವಿತೌಟ್ ಇಟ್ ದ ಇನ್‌ವಾಯ್ಸ್ ವಿಲ್ ಮೂವ್ ಟು ಜೂನ್. ಮೈ ಮೇಲ್ ಆಫ್ 18 ಮೇ, ವಿತ್ ದ ಡೆಲಿವರಿ ಡೀಟೇಲ್ಸ್, ಈಸ್ ಬಿಲೋ. ಇಫ್ ಸಮ್‌ಒನ್ ಎಲ್ಸ್ ಹ್ಯಾಂಡಲ್ಸ್ ದಿಸ್, ಪ್ಲೀಸ್ ಲೆಟ್ ಮಿ ನೋ.’ ಇಲ್ಲಿ ಬೇಡಿಕೆ ಮೊದಲು ಬಂದಿದೆ. ಹಿಂದಿನ ಪತ್ರದ ಪ್ರಸ್ತಾಪ ಉಳಿದಿದೆ, ಆದರೆ ದೂರಾಗಿ ಅಲ್ಲ, ದಿನಾಂಕವಾಗಿ. ಕೊನೆಯ ವಾಕ್ಯವು ಉತ್ತರಿಸದವರಿಗೂ ಮುಜುಗರವಿಲ್ಲದ ಒಂದು ದಾರಿ ಬಿಟ್ಟಿದೆ.

ಕನ್ನಡದ ಸರ್ಕಾರಿ ಪತ್ರಗಳಿಗೆ ಈ ಉಪಾಯ ಹೊಸದಲ್ಲ. ‘ವಿಷಯ’ದ ಕೆಳಗೆ ‘ಉಲ್ಲೇಖ’ ಎಂಬ ಸಾಲಿನಲ್ಲಿ ಹಿಂದಿನ ಪತ್ರದ ಸಂಖ್ಯೆ, ದಿನಾಂಕಗಳು ಕುಳಿತುಬಿಡುತ್ತವೆ. ಒಕ್ಕಣೆಯಲ್ಲಿ ಅದನ್ನು ಮತ್ತೆ ಎತ್ತಿ ಆಡಬೇಕಾಗಿಲ್ಲ. ನೆನಪೋಲೆ ಎಂಬ ಹೆಸರಿನಲ್ಲೂ ಆಪಾದನೆಯ ಛಾಯೆಯಿಲ್ಲ.

ಮೃದುವಾಗಿಸುವ ಭರದಲ್ಲಿ ಅತಿಯಾಗುವುದೂ ಉಂಟು. ‘ಜಸ್ಟ್ ಅ ಜೆಂಟಲ್ ರಿಮೈಂಡರ್’ ಎಂಬುದು ಮೂರನೆಯ ಬಾರಿಗೆ ಬಂದಾಗ ಅಷ್ಟೇನೂ ಜೆಂಟಲ್ ಆಗಿ ಉಳಿಯದು. ದಿನಾಂಕ ಸಹಿತವಾದ ನೇರ ಬೇಡಿಕೆಯೇ ಅದಕ್ಕಿಂತ ವಾಸಿ. ಹಾಗೆಯೇ ಮೇಲಧಿಕಾರಿಯನ್ನು ಸದ್ದಿಲ್ಲದೆ ಸಿಸಿಗೆ ಸೇರಿಸಿದರೆ ಎಷ್ಟು ನಯವಾದ ಮಾತೂ ಬೆದರಿಕೆಯಾಗಿ ಕಾಣುತ್ತದೆ. ಸೇರಿಸಲೇಬೇಕಿದ್ದರೆ ಕಾರಣವನ್ನು ಪತ್ರದಲ್ಲೇ ಹೇಳುವುದು ಲೇಸು: ‘ಬಿಲ್‌ನ ದಿನಾಂಕ ಬದಲಿಸುವುದಾದರೆ ಅವರ ಒಪ್ಪಿಗೆ ಬೇಕು, ಆದ್ದರಿಂದ ಪ್ರತಿ ಕಳುಹಿಸಿದೆ.’

ಪಾವತಿ ವಿಳಂಬ, ಕರಾರು ಉಲ್ಲಂಘನೆಯಂತಹ ವಿವಾದ ಹುಟ್ಟಬಹುದಾದ ಕಡೆ ಹಿಂದಿನ ಪತ್ರಗಳ ದಾಖಲೆ ಅಳಿಸಬಾರದು. ಅಲ್ಲಿ ‘ಹಲವು ಬಾರಿ ತಿಳಿಸಿದರೂ’ ಎನ್ನುವುದರ ಬದಲು ‘ಮೇ 11 ಮತ್ತು 18ರಂದು ಬರೆದಿದ್ದೆವು, ಉತ್ತರ ಬಂದಿಲ್ಲ’ ಎಂದು ಬರೆದರೆ ಕೊಂಕೂ ಇರದು, ಮುಂದೆ ಯಾರಾದರೂ ಕೇಳಿದಾಗ ಲೆಕ್ಕವೂ ತಪ್ಪದು.