ಎದುರಿಗೆ ಸಾರ್, ಹಿಂದೆ ಮಾಮ

ಬೆಂಗಳೂರಿನ ರಸ್ತೆಗಳಲ್ಲಿ ಸಂಚಾರ ಪೊಲೀಸರಿಗೆ ಜನ ಇಟ್ಟಿರುವ ಹೆಸರು ‘ಮಾಮ’. ಎದುರಿನಿಂದ ಬರುವ ಬೈಕಿನವನು ಹೆಡ್‌ಲೈಟ್ ಎರಡು ಸಲ ಮಿಣುಕಿಸಿ, ಹತ್ತಿರ ಬಂದಾಗ “ಮುಂದೆ ಮಾಮ ನಿಂತವ್ನೆ” ಎಂದು ಕೂಗಿ ಹೋಗುತ್ತಾನೆ. ಪೆಟ್ರೋಲ್ ಟ್ಯಾಂಕಿನ ಮೇಲೆ ಕೂತಿದ್ದ ಹೆಲ್ಮೆಟ್ಟು ತಕ್ಷಣ ತಲೆಗೇರುತ್ತದೆ. ಕೂಗಿದವನಿಗೂ ಕೇಳಿಸಿಕೊಂಡವನಿಗೂ ಪರಿಚಯವಿಲ್ಲ. ಮುಂದೆ ನಿಂತಿರುವ ಪೊಲೀಸರ ಹೆಸರು ಇಬ್ಬರಿಗೂ ಗೊತ್ತಿಲ್ಲ. ಆದರೂ ಆ ಒಂದು ಪದ ಇಬ್ಬರನ್ನೂ ಒಂದು ಕಡೆ, ಖಾಕಿ ತೊಟ್ಟವರನ್ನು ಇನ್ನೊಂದು ಕಡೆ ನಿಲ್ಲಿಸಿಬಿಡುತ್ತದೆ. ಮುಂದಿನ ಸಿಗ್ನಲ್ಲಿನಲ್ಲಿ ಅದೇ ಸವಾರ ಸಿಕ್ಕಿಬಿದ್ದರೆ ಬಾಯಿಂದ ಬರುವ ಮಾತು ಬೇರೆ: “ಸಾರ್, ಇದೊಂದ್ಸಲ ಬಿಟ್ಬಿಡಿ ಸಾರ್.” ಅಡ್ಡಹೆಸರಿನ ಮೊದಲ ಲಕ್ಷಣ ಇಲ್ಲೇ ಇದೆ. ಅದು ಕರೆಯುವ ಹೆಸರಲ್ಲ, ಮಾತಾಡಿಕೊಳ್ಳುವ ಹೆಸರು.

ಪೊಲೀಸರಿಗೆ ಮಾಮನ ಪಟ್ಟ ಕಟ್ಟಿದ್ದು ಕನ್ನಡ ಮಾತ್ರವಲ್ಲ. ಮರಾಠಿ, ಹಿಂದಿ ಮಾತಾಡುವ ಊರುಗಳಲ್ಲೂ ಚೆನ್ನೈನ ಬೀದಿಗಳಲ್ಲೂ ಈ ಪದ ಇದೇ ಅರ್ಥದಲ್ಲಿ ಓಡಾಡುತ್ತದೆ. ಇಷ್ಟು ಭಾಷೆಗಳು ಚಿಕ್ಕಪ್ಪನನ್ನೂ ಅಣ್ಣನನ್ನೂ ಬಿಟ್ಟು ಮಾಮನನ್ನೇ ಆರಿಸಿಕೊಂಡದ್ದಕ್ಕೆ ನಮ್ಮ ಕುಟುಂಬಗಳಲ್ಲಿ ಮಾವನಿಗಿರುವ ಜಾಗವೇ ಕಾರಣವೆಂದು ತೋರುತ್ತದೆ. ಸೋದರಮಾವ ಮನೆಯವನೂ ಹೌದು, ಹೊರಗಿನವನೂ ಹೌದು. ಗದರಿಸುವ ಹಕ್ಕು ಅವನಿಗಿದೆ, ಮುದ್ದು ಮಾಡುವ ಹಕ್ಕೂ ಇದೆ. ಅಪ್ಪನ ಮುಂದೆ ಆಡಲಾಗದ ತಮಾಷೆಯನ್ನು ಅವನ ಮುಂದೆ ಆಡಬಹುದು. ಗೋಗರೆದರೆ ಅವನು ಕರಗಬಹುದು, ಇಲ್ಲವೇ ಕಿವಿ ಹಿಂಡಬಹುದು. ಸಿಗ್ನಲ್ಲಿನಲ್ಲಿ ನಿಂತ ಪೊಲೀಸರಿಂದ ಜನ ನಿರೀಕ್ಷಿಸುವುದೂ ಹೆಚ್ಚುಕಡಿಮೆ ಇದನ್ನೇ. ದಂಡ ಹಾಕುವುದೋ ಬೈದು ಬಿಡುವುದೋ ಅವರ ಮರ್ಜಿಗೆ ಸೇರಿದ್ದು ಎಂಬ ಗಟ್ಟಿ ನಂಬಿಕೆ ಈ ಹೆಸರಿನಲ್ಲಿ ಅಡಗಿದೆ. ಕಾನೂನು ಎಲ್ಲರಿಗೂ ಒಂದೇ ಎಂದು ನಂಬಿದವರು ಕಾನೂನಿನವರನ್ನು ನೆಂಟರಾಗಿ ಮಾಡಿಕೊಳ್ಳಬೇಕಾಗಿಲ್ಲ.

ಈ ನೆಂಟಸ್ತಿಕೆ ಠಾಣೆಯ ಒಳಗೂ ಮುಂದುವರಿಯುತ್ತದೆ. ಜೈಲಿಗೆ ‘ಮಾವನ ಮನೆ’ ಎನ್ನುವುದು ಹಳೆಯ ರೂಢಿ. ಹಿಂದಿಯ ‘ಸಸುರಾಲ್’ ಕೂಡ ಅದೇ. ಇಲ್ಲಿ ಮಾವ ಎಂದರೆ ಹೆಣ್ಣು ಕೊಟ್ಟ ಮಾವ. ಅಳಿಯನಾದವನು ಅಲ್ಲಿ ಕೂತಲ್ಲಿಗೇ ಊಟ ಬರುತ್ತದೆ, ಆದರೆ ಅವರಾಗಿ ಕಳಿಸುವವರೆಗೆ ಹೊರಡುವಂತಿಲ್ಲ. “ಮಾವನ ಮನೆಗೆ ಹೋಗಿ ಬಂದ” ಎಂದರೆ ಹೇಳಿದವರಿಗೂ ಮುಜುಗರವಿಲ್ಲ, ಕೇಳಿದವರಿಗೂ ಅರ್ಥವಾಗುತ್ತದೆ. ಜೈಲಿಗೆ ಇರುವ ಇನ್ನೊಂದು ಹೆಸರು ‘ಕೃಷ್ಣನ ಜನ್ಮಸ್ಥಾನ’. ಸೆರೆಮನೆಯಲ್ಲೇ ದೇವರು ಹುಟ್ಟಿದನೆಂಬ ಕಥೆಯನ್ನು ಬಲ್ಲ ಜನರಿಗೆ ಒಳಗೆ ಹೋದವನೆಲ್ಲ ಪಾಪಿಯಾಗಿರಬೇಕಿಲ್ಲ. ‘ಕಂಬಿ ಎಣಿಸುವುದು’, ‘ಮುದ್ದೆ ಮುರಿಯುವುದು’ ಎಂಬ ಮಾತುಗಳು ಮಾತ್ರ ಬೇರೆ ಜಾತಿಯವು. ಅವುಗಳಲ್ಲಿ ನೆಂಟಸ್ತಿಕೆಯೂ ಇಲ್ಲ, ಪುರಾಣವೂ ಇಲ್ಲ. ಒಳಗಿನ ದಿನ ಹೇಗೆ ಕಳೆಯುತ್ತದೆ ಎಂಬುದಷ್ಟೇ ಇದೆ.

ಅಧಿಕಾರದ ಸುತ್ತ ಹುಟ್ಟಿದ ಪದಗಳಲ್ಲಿ ಅತ್ಯಂತ ನೋವಿನದು, ನೋಡಲು ಅತ್ಯಂತ ಸಪ್ಪೆಯಾದದು. ಅದು ‘ಮಾಮೂಲು’. ಅರಬ್ಬಿ ಮೂಲದ ಈ ಪದಕ್ಕೆ ವಾಡಿಕೆ, ಎಂದಿನಂತೆ ಎಂಬ ಅರ್ಥ. ‘ಮಾಮೂಲು ಕಾಫಿ’ ಎಂದಾಗಲೂ ಅದೇ ಅರ್ಥ. ಆದರೆ ತಳ್ಳುಗಾಡಿಯವನು “ಮಾಮೂಲು ಕೊಟ್ಟಾಯ್ತು” ಎಂದರೆ ಲಂಚ ಸಂದಾಯವಾಗಿದೆ ಎಂದರ್ಥ. ಬೈಗುಳಕ್ಕೆ ಸಿಟ್ಟು ಬೇಕು, ಸಿಟ್ಟಿಗೆ ಇದು ಹೀಗಿರಬಾರದಿತ್ತು ಎಂಬ ನಂಬಿಕೆ ಬೇಕು. ತಪ್ಪಿಗೆ ‘ಎಂದಿನದು’ ಎಂಬ ಹೆಸರು ಬಿದ್ದಿದೆಯೆಂದರೆ ಆ ನಂಬಿಕೆ ಬಹಳ ಹಿಂದೆಯೇ ಸವೆದುಹೋಗಿದೆ. ಜನರ ಮನಸ್ಸನ್ನು ಅಳೆಯುವವರು ಒರಟು ಹೆಸರುಗಳನ್ನಷ್ಟೇ ಹೆಕ್ಕಿದರೆ ಇಂಥ ಪದಗಳು ಕೈತಪ್ಪುತ್ತವೆ.

ಅಡ್ಡಹೆಸರು ಯಾರಿಗೆ ಅಂಟುತ್ತದೆ, ಯಾರಿಗೆ ಅಂಟುವುದಿಲ್ಲ ಎಂಬುದನ್ನೂ ನೋಡಬೇಕು. ಹಳ್ಳಿಯ ಅಧಿಕಾರಿಗಳಾಗಿದ್ದ ಪಟೇಲ, ಶಾನುಭೋಗರಿಗೆ ಊರಿಗೆಲ್ಲ ಒಂದೇ ಆದ ಇಂಥ ಗುಪ್ತನಾಮ ಬೇಕಾಗಿರಲಿಲ್ಲ. ಅವರ ಹುದ್ದೆ ವಂಶಪಾರಂಪರ್ಯವಾಗಿ ಬಂದದ್ದು, ಅವರ ಮನೆ ಅದೇ ಬೀದಿಯಲ್ಲಿದ್ದದ್ದು. ಜನ ಅವರನ್ನು ಹೆಸರು ಹಿಡಿದೇ ಹೊಗಳುತ್ತಿದ್ದರು, ಹೆಸರು ಹಿಡಿದೇ ಶಪಿಸುತ್ತಿದ್ದರು. 1961ರ ಗ್ರಾಮಾಧಿಕಾರ ರದ್ದತಿ ಕಾಯಿದೆ 1963ರಲ್ಲಿ ಜಾರಿಗೆ ಬಂದು ಆ ಹುದ್ದೆಗಳು ಹೋದವು. ವರ್ಗಾವಣೆಯಾಗಿ ಬಂದು ಹೋಗುವ ಸರ್ಕಾರಿ ನೌಕರರು ಆ ಜಾಗಕ್ಕೆ ಬಂದರು. ಆದರೆ ‘ಪಟೇಲ್ರು’, ‘ಶಾನುಭೋಗ್ರು’ ಎಂಬವು ಮನೆತನದ ಹೆಸರುಗಳಾಗಿ ಉಳಿದುಕೊಂಡವು. ಸಮವಸ್ತ್ರ ತೊಟ್ಟು ಬರುವ ಅಪರಿಚಿತರ ಕಥೆ ಹೀಗಲ್ಲ. ಬಟ್ಟೆ ಅವರ ಹೆಸರನ್ನು ಮುಚ್ಚುತ್ತದೆ, ಖಾಲಿಯಾದ ಜಾಗಕ್ಕೆ ಭಾಷೆ ತನ್ನದೊಂದು ಹೆಸರನ್ನು ತಂದಿಡುತ್ತದೆ.

ಇದು ಹೇಗೆ ನಡೆಯುತ್ತದೆ ಎಂಬುದನ್ನು ಮೊದಲಿನಿಂದ ಕೊನೆಯವರೆಗೆ ನೋಡಲು ಸಿಗುವುದು ಲಂಡನ್ನಿನಲ್ಲಿ. ಅಲ್ಲಿನ ಮೆಟ್ರೊಪಾಲಿಟನ್ ಪೊಲೀಸರು ಮೊದಲ ಬಾರಿ ಬೀದಿಗಿಳಿದದ್ದು 1829ರ ಸೆಪ್ಟೆಂಬರ್ 29ರಂದು. ಆಗಿನ ಗೃಹಮಂತ್ರಿ ರಾಬರ್ಟ್ ಪೀಲ್. ಹೊಸ ಪಡೆ ಸೈನ್ಯದಂತೆ ಕಾಣಬಾರದೆಂದು ಅದಕ್ಕೆ ಕೆಂಪು ಕೋಟು ಬಿಟ್ಟು ನೀಲಿ ಕೋಟು ಕೊಟ್ಟರು. ಜನ ಒಪ್ಪಲಿಲ್ಲ. ಕೆಂಪು ಕೋಟಿನ ಸೈನಿಕರಿಗೆ ಅವರು ಮೊದಲೇ ‘ಲಾಬ್ಸ್ಟರ್’ ಎಂದು ಹೆಸರಿಟ್ಟಿದ್ದರು. ಈಗ ಪೊಲೀಸರಿಗೆ ‘ಹಸಿ ಲಾಬ್ಸ್ಟರ್’ ಎಂದರು. ಏಡಿಯ ಬಳಗದ ಈ ಸಮುದ್ರಜೀವಿ ಹಸಿಯಾಗಿದ್ದಾಗ ನೀಲಿ, ಬಿಸಿನೀರಿಗೆ ಹಾಕಿದರೆ ಕೆಂಪು. ನೀಲಿಯವನಿಗೂ ಕೆಂಪಿನವನಿಗೂ ನಡುವೆ ಇರುವುದು ಒಂದು ಕುದಿ ಮಾತ್ರ, ಬೆಂದರೆ ಇವನೂ ಸೈನಿಕನೇ ಎಂಬ ದೂರು ಆ ಎರಡು ಪದಗಳಲ್ಲಿ ಪೂರ್ತಿಯಾಗಿ ಅಡಕವಾಗಿತ್ತು. ಸರ್ಕಾರ ಕೋಟಿನ ಬಣ್ಣದಲ್ಲಿ ಹೇಳಹೊರಟದ್ದನ್ನು ಜನ ಅಡ್ಡಹೆಸರಿನಲ್ಲಿ ಅಲ್ಲಗಳೆದರು.

ಆ ಸಿಟ್ಟು ಮಾತಿನಲ್ಲಷ್ಟೇ ಉಳಿಯಲಿಲ್ಲ. 1833ರ ಮೇ ತಿಂಗಳಲ್ಲಿ ಲಂಡನ್ನಿನ ಕೋಲ್ಡ್‌ಬಾತ್ ಫೀಲ್ಡ್ಸ್ ಎಂಬಲ್ಲಿ ಕಾರ್ಮಿಕರ ಸಭೆಯನ್ನು ಪೊಲೀಸರು ಚದುರಿಸಿದಾಗ ಒಬ್ಬ ಕಾನ್‌ಸ್ಟೆಬಲ್ ಇರಿತಕ್ಕೆ ಬಲಿಯಾದ. ಸಾವಿನ ವಿಚಾರಣೆ ನಡೆಸಿದ ಸಾಮಾನ್ಯ ನಾಗರಿಕರ ಜ್ಯೂರಿ, ಪೊಲೀಸರ ವರ್ತನೆಯೇ ಕ್ರೂರವಾಗಿತ್ತೆಂದು ಹೇಳಿ, ಅದನ್ನು ಸಮರ್ಥನೀಯ ಹತ್ಯೆ ಎಂದು ತೀರ್ಮಾನಿಸಿತು. ಅಡ್ಡಹೆಸರಿನಲ್ಲಿ ಕಂಡ ದ್ವೇಷ ನಿಜವೋ ಬರಿಯ ಮೋಜೋ ಎಂದು ತಿಳಿಯಲು ಇಂಥ ಪಕ್ಕದ ಸಾಕ್ಷಿ ಬೇಕು.

ಅದೇ ಕಾಲದ ಇನ್ನೆರಡು ಹೆಸರುಗಳು ಮಂತ್ರಿಯ ಹೆಸರಿನಿಂದಲೇ ಹುಟ್ಟಿದವು. ‘ಪೀಲರ್’ ಎಂಬುದು ಪೀಲ್ ಎಂಬ ಮನೆತನದ ಹೆಸರಿನಿಂದ, ‘ಬಾಬಿ’ ಎಂಬುದು ರಾಬರ್ಟ್ ಎಂಬುದರ ಮುದ್ದಿನ ರೂಪದಿಂದ, ನಮ್ಮಲ್ಲಿ ರಾಮಚಂದ್ರ ರಾಮು ಆದಂತೆ. ಪೀಲರ್ ಎಂಬ ಹೆಸರು ಮೊದಲು ಕೇಳಿದ್ದು ಐರ್ಲೆಂಡಿನಲ್ಲಿ. ಅಲ್ಲಿ ಆಡಳಿತ ನಡೆಸುತ್ತಿದ್ದಾಗ ಪೀಲ್ 1814ರಲ್ಲೇ ಒಂದು ಪಡೆ ಕಟ್ಟಿದ್ದ. ಮುಂದೆ ಆ ನೆಲದ ಪೊಲೀಸರು ಬಂದೂಕು ಹಿಡಿದರು, ಬ್ಯಾರಕ್ಕುಗಳಲ್ಲಿ ವಾಸಿಸಿದರು, ಜನರ ಕಣ್ಣಿಗೆ ದೂರದ ಸರ್ಕಾರದ ಕೈಯಾಗಿಯೇ ಉಳಿದರು. ಲಂಡನ್ನಿನ ಕಾನ್‌ಸ್ಟೆಬಲ್ಲುಗಳ ಕೈಯಲ್ಲಿದ್ದದ್ದು ಮರದ ದೊಣ್ಣೆ. ಒಬ್ಬೊಬ್ಬರು ಗೊತ್ತಾದ ಬೀದಿಗಳಲ್ಲೇ ನಡೆದು ಗಸ್ತು ತಿರುಗುತ್ತಿದ್ದರು. ದಶಕಗಳು ಉರುಳಿದಂತೆ ಲಂಡನ್ನಿನಲ್ಲಿ ಪೀಲರ್ ಹಿಂದೆ ಸರಿದು ಬಾಬಿ ಗೆದ್ದಿತು. ಅದರ ದನಿಯೂ ಮೆತ್ತಗಾಯಿತು. ಪೀಲರ್ ಎಂಬುದು ಉತ್ತರ ಐರ್ಲೆಂಡಿನಲ್ಲಿ ಇಂದಿಗೂ ಬಳಕೆಯಲ್ಲಿದೆ, ಅಲ್ಲಿ ಅದರ ಒರಟು ಪೂರ್ತಿ ಕರಗಿಲ್ಲ. ಒಬ್ಬನೇ ಮಂತ್ರಿಯಿಂದ ಬಂದ ಎರಡು ಹೆಸರುಗಳ ಹಣೆಬರಹ ಬೇರೆಯಾದದ್ದು ಪದದ ಗುಣದಿಂದಲ್ಲ, ಬೀದಿಯಲ್ಲಿ ಪೊಲೀಸರು ನಡೆದುಕೊಂಡ ರೀತಿಯಿಂದ.

ದೆಹಲಿಯಲ್ಲಿ ಇಂಥದೇ ಒಂದು ಪದ ನ್ಯಾಯಾಲಯದ ಮೆಟ್ಟಿಲೇರಿತು. ಅಲ್ಲಿ ಕಾನ್‌ಸ್ಟೆಬಲ್ಲುಗಳನ್ನು ಬೀದಿಯ ಜನ ‘ಠುಲ್ಲಾ’ ಎನ್ನುತ್ತಾರೆ. 2015ರಲ್ಲಿ ಅಂದಿನ ಮುಖ್ಯಮಂತ್ರಿ ಅರವಿಂದ ಕೇಜ್ರಿವಾಲ್ ಟೀವಿ ಸಂದರ್ಶನವೊಂದರಲ್ಲಿ ಆ ಪದ ಬಳಸಿದರು. ದೆಹಲಿಯ ಪೊಲೀಸ್ ಪಡೆ ರಾಜ್ಯದ ಕೈಯಲ್ಲಿಲ್ಲ, ಕೇಂದ್ರ ಗೃಹ ಸಚಿವಾಲಯದ ಕೈಯಲ್ಲಿದೆ. ಅದರ ಜಟಾಪಟಿಯ ನಡುವೆ ಬಂದ ಮಾತದು. ಪೊಲೀಸ್ ಸಿಬ್ಬಂದಿಯೊಬ್ಬರು ಮಾನನಷ್ಟದ ದೂರು ಕೊಟ್ಟರು. 2016ರಲ್ಲಿ ವಿಷಯ ಹೈಕೋರ್ಟಿಗೆ ಬಂದಾಗ, ಹಿಂದಿ ನಿಘಂಟಿನಲ್ಲಿ ಈ ಪದ ಸಿಗುತ್ತಿಲ್ಲ, ಇದರ ಅರ್ಥವೇನು ವಿವರಿಸಿ ಎಂದು ನ್ಯಾಯಾಲಯವೇ ಕೇಳಿತು. ಹೀಗೆ ಕೇಳುವವರೆಗೆ ಯಾರಿಗೂ ಅರ್ಥ ಬೇಕಾಗಿರಲಿಲ್ಲ. ಓಣಿಯಲ್ಲಿ ಆಡಿಕೊಳ್ಳುವ ಮಾತು ಮುಖ್ಯಮಂತ್ರಿಯ ಬಾಯಿಗೆ ಬಂದದ್ದೇ ಅದರ ತೂಕ ಬದಲಾಯಿತು. ಕೆಳಗಿನವರು ಮೇಲಿನವರಿಗೆ ಇಟ್ಟಾಗ ಅಡ್ಡಹೆಸರು ಒಂದು ಸಣ್ಣ ಸೇಡು. ಮೇಲಿನವರು ಕೆಳಗಿನವರಿಗೆ ಇಟ್ಟರೆ ಅದು ತುಳಿತ. ಆ ಕಾನ್‌ಸ್ಟೆಬಲ್‌ಗೆ ನೋವಾದದ್ದರಲ್ಲಿ ಅತಿಯೇನೂ ಇಲ್ಲ.

ಈ ಪದಗಳ ಹುಟ್ಟಿನ ಬಗ್ಗೆ ಹಬ್ಬಿರುವ ಕಥೆಗಳನ್ನು ಮಾತ್ರ ಸುಲಭಕ್ಕೆ ನಂಬಬಾರದು. ಇಂಗ್ಲಿಷಿನ ‘ಕಾಪ್’ ಎಂಬುದು ‘ಕಾನ್‌ಸ್ಟೆಬಲ್ ಆನ್ ಪಟ್ರೋಲ್’ ಎಂಬುದರ ಮೊದಲಕ್ಷರಗಳಿಂದ ಬಂತು ಎನ್ನುವವರಿದ್ದಾರೆ. ಕೋಟಿನ ತಾಮ್ರದ ಗುಂಡಿಗಳಿಂದ ‘ಕಾಪರ್’ ಬಂತು ಎನ್ನುವವರೂ ಇದ್ದಾರೆ. ಹಿಡಿ, ಸೆರೆಹಿಡಿ ಎಂಬರ್ಥದ ‘ಕಾಪ್’ ಎಂಬ ಕ್ರಿಯಾಪದ ಪೊಲೀಸರಿಗಿಂತ ಹಳೆಯದು; ಹಿಡಿಯುವವನು ‘ಕಾಪರ್’ ಆದ. ಮೊದಲಕ್ಷರ ಕೂಡಿಸಿ ಪದ ಕಟ್ಟುವ ಪರಿಪಾಟ ಇಪ್ಪತ್ತನೆಯ ಶತಮಾನಕ್ಕೆ ಮೊದಲು ತೀರಾ ವಿರಳ. ಹಳೆಯ ಅಡ್ಡಹೆಸರಿಗೆ ಅಂಥ ವಿಸ್ತರಣೆ ಕೇಳಿಬಂದರೆ ಅದು ಆಮೇಲೆ ಹೆಣೆದ ಕಥೆ ಎಂದು ಬಹುಮಟ್ಟಿಗೆ ಹೇಳಬಹುದು.

ಅಡ್ಡಹೆಸರನ್ನು ಜನಾಭಿಪ್ರಾಯದ ಲೆಕ್ಕವೆಂದು ತಿಳಿಯುವುದಕ್ಕೂ ಮಿತಿಯಿದೆ. ‘ಮಾಮ’ ಎನ್ನುವವರೇ ಮನೆಗೆ ಕಳ್ಳ ನುಗ್ಗಿದ ರಾತ್ರಿ ಹೊಯ್ಸಳ ಗಾಡಿಯ ದಾರಿ ಕಾಯುತ್ತಾರೆ. ಊಟ ಮಾಡದ ಮಗುವಿಗೆ “ಪೊಲೀಸಪ್ಪ ಬರ್ತಾನೆ ನೋಡು” ಎಂದು ಹೆದರಿಸುವ ತಾಯಿಗೆ ಪೊಲೀಸರ ಮೇಲೆ ಹಗೆ ಇರುವುದಿಲ್ಲ. ಹೆಸರಿಗಿಂತ ಅದರ ಜೊತೆ ಬರುವ ಕ್ರಿಯಾಪದ ಹೆಚ್ಚು ಹೇಳುತ್ತದೆ. ಮಾಮ ‘ನಿಂತವ್ನೆ’, ‘ಹಿಡ್ದ’, ‘ಬಿಟ್ಟ’ ಎಂಬುದು ದಿನವೂ ಕೇಳುವ ಮಾತು. ಮಾಮ ‘ಕಾಪಾಡಿದ’ ಎಂಬುದು ಅಪರೂಪ. ಕಾಪಾಡಿದವರು ‘ಪೊಲೀಸ್ನೋರು’ ಆಗಿಬಿಡುತ್ತಾರೆ, ಬಹುವಚನ ತಾನಾಗಿ ಬರುತ್ತದೆ. ಹೆಸರು ಬೀಳುವುದೂ ಬಿಸಿಲಿನಲ್ಲಿ ನಿಂತ ಕೆಳದರ್ಜೆಯವರ ಮೇಲೆ. ಆದೇಶ ಹೊರಡಿಸಿದವರು ‘ಸಾಹೇಬ್ರು’ ಆಗಿಯೇ ಉಳಿಯುತ್ತಾರೆ, ಏಕೆಂದರೆ ಅವರು ಬೈಕಿನವನ ಕಣ್ಣಿಗೆ ಬೀಳುವುದೇ ಇಲ್ಲ. ಇದು ಈ ಹೆಸರುಗಳ ದೊಡ್ಡ ಅನ್ಯಾಯ.

ಈಚೆಗೆ ಬೆಂಗಳೂರಿನ ಅನೇಕ ಸಿಗ್ನಲ್ಲುಗಳಲ್ಲಿ ದಂಡ ಹಾಕುವ ಕೆಲಸವನ್ನು ಕಂಬದ ಮೇಲಿನ ಕ್ಯಾಮೆರಾಗಳು ಮಾಡುತ್ತಿವೆ. ಗೆರೆ ದಾಟಿದ ಸವಾರನಿಗೆ ಫೋಟೊ ಸಮೇತ ನೋಟಿಸು ಬರುತ್ತದೆ. ಅಲ್ಲಿ ಗೋಗರೆಯಲು ಮುಖವಿಲ್ಲ, ಬಿಟ್ಟುಬಿಡಲು ಮರ್ಜಿಯಿಲ್ಲ. ಆ ಕ್ಯಾಮೆರಾಕ್ಕೆ ‘ಮಾಮ’ನಂತೆ ಊರೆಲ್ಲ ಒಪ್ಪಿದ ಹೆಸರೊಂದು ಇನ್ನೂ ಹುಟ್ಟಿಲ್ಲ.